ಡ್ರೈ ರನ್‌ನಲ್ಲಿ ಒಂದೇ ಆರ್ಡರ್, ಲೈವ್‌ನಲ್ಲಿ ಮೂರು

ಷೇರುಗಳನ್ನು ಟಾರ್ಗೆಟ್‌ನಷ್ಟಕ್ಕೆ ತರುವ ನನ್ನ ರೀಬ್ಯಾಲೆನ್ಸ್ ರೂಟೀನ್ ಲೈವ್‌ಗೆ ಬಿಟ್ಟ ಮೊದಲ ದಿನದ್ದು ಇದು. ಅದಕ್ಕೂ ಮೊದಲು ಎರಡು ವಾರ ಡ್ರೈ ರನ್‌ನಲ್ಲಿ, ಅಂದರೆ ಆರ್ಡರ್ ನಿಜವಾಗಿ ಕಳಿಸದೆ ಲಾಗ್ ಮಾತ್ರ ಬರೆಯುವ ಹಾಗೆ, ಓಡಿಸಿದ್ದೆ. ದಿನಾ ಸಂಜೆ ಲಾಗ್ ತೆಗೆದು ಒಂದೊಂದೇ ಸಾಲು ಓದುತ್ತಿದ್ದೆ, ಒಂದು ತಪ್ಪೂ ಸಿಕ್ಕಿರಲಿಲ್ಲ.

ರೂಟೀನ್ ಕೆಲಸ ಸರಳ. ನಿಮಿಷಕ್ಕೊಮ್ಮೆ ಎದ್ದು ಟಾರ್ಗೆಟ್ ಎಷ್ಟು, ಕೈಯಲ್ಲಿ ಎಷ್ಟಿದೆ ಅಂತ ನೋಡುತ್ತದೆ. ಎಷ್ಟು ಕಮ್ಮಿ ಇದೆಯೋ ಅಷ್ಟಕ್ಕೆ ಬಿಡ್ ಬೆಲೆಯಲ್ಲಿ, ಅಂದರೆ ಆಗ ಕೊಳ್ಳುವವರು ಕೊಡಲು ಸಿದ್ಧವಿರುವ ಅತಿ ಹೆಚ್ಚಿನ ಬೆಲೆಯಲ್ಲಿ, ಲಿಮಿಟ್ ಆರ್ಡರ್ ಹಾಕುತ್ತದೆ; ಅದಕ್ಕಿಂತ ಹೆಚ್ಚು ಬೆಲೆಗೆ ಆ ಆರ್ಡರ್ ಕೊಳ್ಳುವುದಿಲ್ಲ. ಡ್ರೈ ರನ್ ಶುರು ಮಾಡಿದ ದಿನ ಒಂದು ತೊಂದರೆ ಬಂದಿತ್ತು. ಆರ್ಡರ್ ನಿಜವಾಗಿ ಹೋಗದ ಕಾರಣ ಪೊಸಿಷನ್ ಬದಲಾಗುತ್ತಿರಲಿಲ್ಲ, ಹಾಗಾಗಿ ಅದೇ ಆರ್ಡರ್ ಪ್ರತಿ ನಿಮಿಷ ಲಾಗ್‌ನಲ್ಲಿ ಬಂದು ಬೀಳುತ್ತಿತ್ತು. ಲಾಗ್ ಓದೋಕೆ ಕಷ್ಟ ಅಂತ ನಾನು ಒಂದು ಸಾಲು ಸೇರಿಸಿದೆ:

```
if DRY_RUN:
    log("BUY", sym, qty, price)
    position[sym] += qty
else:
    send_order(sym, qty, price)
```

ಆ `position[sym] += qty` ಸಾಲೇ ನನ್ನ ತಪ್ಪು. ಆರ್ಡರ್ ಹಾಕಿದ ಕ್ಷಣವೇ ಪೂರ್ತಿ ಫಿಲ್ ಆಯಿತು, ಕೇಳಿದಷ್ಟೂ ಷೇರು ಕೈಗೆ ಬಂತು ಅಂತ ಅದು ಹೇಳುತ್ತದೆ. ಎರಡು ವಾರ ನಾನು ಓದಿದ ಲಾಗ್‌ನಲ್ಲಿ ಪೆಂಡಿಂಗ್ ಆರ್ಡರ್ ಅನ್ನೋದೇ ಇರಲಿಲ್ಲ. ಆದರೆ ಬಿಡ್‌ನಲ್ಲಿ ಹಾಕಿದ ಲಿಮಿಟ್ ಆರ್ಡರ್ ಬಹಳ ಸಲ ಕ್ಯೂನಲ್ಲಿ ಕಾಯುತ್ತಲೇ ಇರುತ್ತದೆ, ಅಲ್ವಾ? ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಸುಮ್ನೆ ಲಾಗ್ ಚೊಕ್ಕವಾಗಿ ಕಾಣಲಿ ಅಂತ ಹಾಕಿದ ಸಾಲು, ಅದು ಏನನ್ನು ಮುಚ್ಚಿಡುತ್ತಿದೆ ಅಂತ ಯೋಚಿಸಲಿಲ್ಲ.

ಲೈವ್ ದಿನ ಒಂದು ಷೇರಿನಲ್ಲಿ ಟಾರ್ಗೆಟ್ 1000, ಕೈಯಲ್ಲಿ 400. 10:00ಕ್ಕೆ 600ರ ಆರ್ಡರ್ ಹೋಯಿತು. 150 ಫಿಲ್ ಆಯಿತು, 450 ಪೆಂಡಿಂಗ್. 10:01ಕ್ಕೆ ರೂಟೀನ್ ಎದ್ದು ನೋಡಿತು: ಕೈಯಲ್ಲಿ 550 ಇದೆ, ಇನ್ನೂ 450 ಬೇಕು. ಹಳೆಯ 450 ಮಾರುಕಟ್ಟೆಯ ಆರ್ಡರ್ ಬುಕ್‌ನಲ್ಲಿ ಕೂತಿರುವಾಗಲೇ ಹೊಸ 450 ಕಳಿಸಿತು. 10:02ಕ್ಕೆ ಏನೂ ಫಿಲ್ ಆಗಿರಲಿಲ್ಲ, ಮತ್ತೆ 450.

ಪಕ್ಕದ ಡೆಸ್ಕ್‌ನ ಸೀನಿಯರ್ ಆರ್ಡರ್ ಸ್ಕ್ರೀನ್ ನೋಡಿ, “ಒಂದೇ ಷೇರಿಗೆ ಮೂರು ಆರ್ಡರ್ ಯಾಕಿದೆ?” ಅಂದರು. ನಾನು ತಕ್ಷಣ `Ctrl+C` ಒತ್ತಿದೆ. ಪ್ರೋಸೆಸ್ ನಿಂತಿತು. ಎದೆ ಹಗುರಾಯಿತು. ಸರಿ, ಇನ್ನು ಕಾರಣ ಹುಡುಕೋಣ ಅಂತ ಲಾಗ್ ತೆರೆದು ಕೂತೆ.

ಇವತ್ತಿಗೂ ಜಾಸ್ತಿ ಚುಚ್ಚೋದು ಆ ನಿಮಿಷಗಳೇ. ಪ್ರೋಸೆಸ್ ನಿಂತರೆ ಆರ್ಡರ್ ನಿಲ್ಲುವುದಿಲ್ಲ. ಸಂಪರ್ಕ ಕಡಿದರೆ ಆರ್ಡರ್‌ಗಳನ್ನು ತಾನೇ ಕ್ಯಾನ್ಸಲ್ ಮಾಡುವ ಸೌಲಭ್ಯ ಕೆಲವು ಕಡೆ ಇರುತ್ತದೆ, ನಮ್ಮ ಸೆಟಪ್‌ನಲ್ಲಿ ಇರಲಿಲ್ಲ. ಒಟ್ಟು 1350 ಷೇರಿನ ಮೂರು ಆರ್ಡರ್‌ಗಳು ಆ ಬುಕ್‌ನಲ್ಲೇ ಕಾಯುತ್ತಿದ್ದವು. ನಾನು ಲಾಗ್ ಓದುತ್ತಿದ್ದಾಗ ಬೆಲೆ ಇಳಿಯಿತು, ಮೂರೂ ಫಿಲ್ ಆದವು. ಸೀನಿಯರ್ “ಕ್ಯಾನ್ಸಲ್ ಮಾಡಿದ್ರಾ?” ಅಂತ ಕೇಳಿದಾಗ ಪೊಸಿಷನ್ 1900 ಆಗಿತ್ತು. 900 ಷೇರು ಹೆಚ್ಚು. ಬೆಲೆ ಇನ್ನೂ ಇಳಿಯುತ್ತಿದ್ದಾಗ ಅದನ್ನು ನಷ್ಟದಲ್ಲೇ ಮಾರಬೇಕಾಯಿತು.

ಲೆಕ್ಕದ ತಪ್ಪು ಸರಿಮಾಡೋಕೆ ಒಂದು ಸಾಲು ಸಾಕಿತ್ತು:

```
need = target - position - open_qty
```

ಕಳಿಸಿದ ಕ್ಷಣದಿಂದಲೇ ಆರ್ಡರ್ `open_qty`ಯಲ್ಲಿ ಸೇರಬೇಕು, ಬ್ರೋಕರ್ ಕಡೆಯಿಂದ ಉತ್ತರ ಬರುವವರೆಗೆ ಕಾಯಬಾರದು. ಫಿಲ್ ಆದಷ್ಟು, ರಿಜೆಕ್ಟ್ ಅಥವಾ ಕ್ಯಾನ್ಸಲ್ ಆದಷ್ಟು ಅದರಿಂದ ಕಳೆಯಬೇಕು. ರಿಜೆಕ್ಟ್ ಆದದ್ದನ್ನು ಕಳೆಯದೇ ಬಿಟ್ಟರೆ ಉಲ್ಟಾ ತೊಂದರೆ: ರೂಟೀನ್ ಇಲ್ಲದ ಆರ್ಡರ್‌ಗಾಗಿ ಕಾಯುತ್ತಾ ಸುಮ್ಮನೆ ಕೂರುತ್ತದೆ.

ಹೆಚ್ಚು ಸಮಯ ಹಿಡಿದದ್ದು ಡ್ರೈ ರನ್ ಬದಲಿಸೋಕೆ. `if DRY_RUN` ಅನ್ನು ರೂಟೀನ್ ಒಳಗಿಂದ ಪೂರ್ತಿ ತೆಗೆದೆ. ಈಗ ರೂಟೀನ್ ಎರಡೂ ಮೋಡ್‌ನಲ್ಲಿ `send_order` ಅನ್ನೇ ಕರೆಯುತ್ತದೆ. ಅದರ ಹಿಂದೆ ನಿಜವಾದ ಬ್ರೋಕರ್ ಇದೆಯೋ ಸುಳ್ಳು ಬ್ರೋಕರ್ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಸುಳ್ಳು ಬ್ರೋಕರ್ ಲಾಗ್ ಬರೆದು ಆರ್ಡರ್ ಅನ್ನು ಪೆಂಡಿಂಗ್ ಇಡುತ್ತದೆ, ಮಾರುಕಟ್ಟೆ ನಮ್ಮ ಬೆಲೆಗಿಂತ ಕೆಳಗೆ ವ್ಯಾಪಾರ ಆದರೆ ಮಾತ್ರ ಫಿಲ್ ಕೊಡುತ್ತದೆ. ನಮ್ಮ ಬೆಲೆಯಲ್ಲೇ ವ್ಯಾಪಾರ ಆದರೆ ಸಿಕ್ಕಿತು ಅಂತ ಹೇಳೋಕಾಗಲ್ಲ, ಯಾಕಂದ್ರೆ ಕ್ಯೂನಲ್ಲಿ ನಮ್ಮ ಮುಂದೆ ಎಷ್ಟು ಜನ ಇದ್ದರು ಅಂತ ಯಾವ ಡ್ರೈ ರನ್‌ಗೂ ಸರಿಯಾಗಿ ತಿಳಿಯುವುದಿಲ್ಲ. ಆಗಾಗ ಬೇಕಂತಲೇ ಅರ್ಧಂಬರ್ಧ ಫಿಲ್ ಮತ್ತು ರಿಜೆಕ್ಟ್ ಕೂಡ ಕೊಡಿಸುತ್ತೇನೆ.

ಮ್ಯಾನೇಜ್‌ಮೆಂಟ್ ಕೊಟ್ಟಿದ್ದ ಟೆಸ್ಟ್ ಸರ್ವರ್ ಕೂಡ ಎಲ್ಲ ಆರ್ಡರ್‌ಗೂ ತಕ್ಷಣ ಪೂರ್ತಿ ಫಿಲ್ ಕೊಡುತ್ತಿತ್ತು. ಅದನ್ನು ಬದಲಿಸಿ ಅಂತ ಕೇಳಿದ್ದೇವೆ, ಇನ್ನೂ ಆಗಿಲ್ಲ.

ಅದೇ ಬೆಳಗಿನ ಡೇಟಾವನ್ನು ಹೊಸ ಡ್ರೈ ರನ್‌ಗೆ ಕೊಟ್ಟು, ಮೊದಲ ಆರ್ಡರ್‌ಗೆ 150 ಫಿಲ್ ಕೊಡಿಸಿದೆ. ಮೊದಲು ಹಳೆಯ ಲೆಕ್ಕದಲ್ಲೇ ಓಡಿಸಿದೆ. 10:01ಕ್ಕೆ ಎರಡನೇ ಆರ್ಡರ್, 10:02ಕ್ಕೆ ಮೂರನೆಯದು, ಕಣ್ಣೆದುರೇ ಲಾಗ್‌ನಲ್ಲಿ ಬಂತು. ಆಮೇಲೆ ಹೊಸ ಲೆಕ್ಕ ಹಾಕಿದೆ:

```
10:01 target=1000 pos=550 open=450 need=0
```

ಎಲ್ಲವನ್ನೂ ಕ್ಯಾನ್ಸಲ್ ಮಾಡುವ ಸಣ್ಣ ಸ್ಕ್ರಿಪ್ಟ್ ಈಗ ಇನ್ನೊಂದು ಟರ್ಮಿನಲ್‌ನಲ್ಲಿ ಸದಾ ತೆರೆದಿರುತ್ತದೆ. ಮಾರುಕಟ್ಟೆ ಶುರುವಾಗುವ ಮೊದಲು ದಿನಾ ಅದನ್ನು ಒಮ್ಮೆ ಓಡಿಸಿ ನೋಡುತ್ತೇನೆ.