ತಾಯಿಯ ಜೀನೋಟೈಪ್ ಇಲ್ಲದ ಲೇಬಲ್

ಮೈಸೂರಿನ ನಮ್ಮ ಹಣ್ಣಿನ ನೊಣದ ಪ್ರಯೋಗಾಲಯದಲ್ಲಿ ಸ್ಟಾಕ್‌ಗಳ ಹೊಣೆ ನನ್ನದು. ಕಳೆದ ಬೇಸಿಗೆಯಲ್ಲಿ ಎಂ.ಎಸ್ಸಿ. ಯೋಜನೆಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬರು ಎರಡು ವಯಲ್‌ಗಳನ್ನು ಮೇಜಿನ ಮೇಲಿಟ್ಟು, "ಮೇಡಂ, ಬೈಕಾಯ್ಡ್ ಸ್ಟಾಕ್ ಕೆಟ್ಟಿದೆ, ಬಿಸಾಡಿ ಅಂತ ಸರ್ ಹೇಳಿದ್ದಾರೆ" ಎಂದರು. ಭ್ರೂಣದಲ್ಲಿ ತಲೆ, ಎದೆ ಮೂಡಲು ಬೇಕಾದ ಜೀನ್ ಬೈಕಾಯ್ಡ್. ಅದು ಕೆಟ್ಟಿರುವ ನೊಣಗಳ ತಳಿಯೇ ಆ ಸ್ಟಾಕ್. ಅವರ ದೂರು ಎರಡಿತ್ತು. ಸ್ಟಬಲ್ ಎಂಬ ಮೊಂಡು ಕೂದಲಿನ ಗುರುತಿಲ್ಲದ, ಅಂದರೆ ಸರಿಯಾದ ಪ್ರತಿ ಹೊತ್ತ ಬ್ಯಾಲೆನ್ಸರ್ ಕ್ರೋಮೋಸೋಮ್ ಇಲ್ಲದೆ ಜೀನಿನ ಎರಡೂ ಪ್ರತಿಗಳು ಕೆಟ್ಟಿರಬೇಕಾದ ಹೆಣ್ಣುಗಳು ತಲೆ, ಎದೆ ಎಲ್ಲವೂ ಸರಿಯಾಗಿದ್ದು ಲವಲವಿಕೆಯಿಂದ ಓಡಾಡುತ್ತಿದ್ದವು. ಆದ್ದರಿಂದ ಮ್ಯುಟೇಶನ್ ಕಳೆದುಹೋಗಿರಬೇಕು ಎಂಬುದು ಒಂದು. ಅದೇ ಹೆಣ್ಣುಗಳನ್ನು ಮ್ಯುಟೇಶನ್ ಇಲ್ಲದ ವೈಲ್ಡ್ ಟೈಪ್ ಗಂಡುಗಳೊಂದಿಗೆ ಕ್ರಾಸ್ ಮಾಡಿದ ವಯಲ್‌ನಲ್ಲಿ ರವೆ-ಬೆಲ್ಲದ ಮೀಡಿಯಂ ತುಂಬ ಮೊಟ್ಟೆಗಳಿದ್ದರೂ ಒಂದು ಲಾರ್ವಾವೂ ಇರಲಿಲ್ಲ ಎಂಬುದು ಇನ್ನೊಂದು. ಇದಕ್ಕೆ ಕರೆಂಟು ಹೋದಾಗ ಇನ್‌ಕ್ಯುಬೇಟರ್ ಕಾದದ್ದೇ ಕಾರಣವೆಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ವಯಲ್‌ಗಳು ಆಟೋಕ್ಲೇವ್ ಟ್ರೇಗೆ ಹೋಗುವ ಹಂತದಲ್ಲಿದ್ದವು.

ನಾನು ಟ್ರೇಯನ್ನು ಪಕ್ಕಕ್ಕೆ ಸರಿಸಿ ಆ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಗರ್ಭಕಟ್ಟದ ಮೊಟ್ಟೆ ಬೆಳ್ಳಗೇ ಉಳಿಯುತ್ತದೆ. ಬೆಳೆಯಲು ತೊಡಗಿ ಸತ್ತ ಭ್ರೂಣ ಕಂದುಬಣ್ಣಕ್ಕೆ ತಿರುಗುತ್ತದೆ. ಇವು ಹೆಚ್ಚಾಗಿ ಕಂದಾಗಿದ್ದವು. ಬ್ಲೀಚ್ ದ್ರಾವಣದಲ್ಲಿ ಹೊರಗಿನ ಸಿಪ್ಪೆ ತೆಗೆದು, ಹಾಯರ್ಸ್ ದ್ರವದಲ್ಲಿ ಮೌಂಟ್ ಮಾಡಿ ರಾತ್ರಿಯಿಡೀ ಬಿಸಿಯಲ್ಲಿಟ್ಟು, ಮರುದಿನ ಡಾರ್ಕ್ ಫೀಲ್ಡ್‌ನಲ್ಲಿ ಕ್ಯುಟಿಕಲ್ ನೋಡಿದೆವು. ಸಹಜ ಲಾರ್ವಾದಲ್ಲಿ ತಲೆಯ ಕೊಕ್ಕೆಗಳು, ಎದೆಯ ಮೂರು ಮತ್ತು ಹೊಟ್ಟೆಯ ಎಂಟು ಮುಳ್ಳುಪಟ್ಟಿಗಳು ಸಾಲಾಗಿ ಕಾಣಬೇಕು. ಇಲ್ಲಿ ತಲೆಯೂ ಇರಲಿಲ್ಲ, ಎದೆಯೂ ಇರಲಿಲ್ಲ. ಹೊಟ್ಟೆಯ ಪಟ್ಟಿಗಳ ಮುಂದೆ, ತಲೆ ಇರಬೇಕಾದ ಕಡೆ, ಬಾಲದ ತುದಿಯ ರಚನೆಗಳು ಮೂಡಿದ್ದವು. ಶಾಖದಿಂದ ಸತ್ತ ಭ್ರೂಣಗಳಲ್ಲಿ ಇಂಥ ಕ್ರಮಬದ್ಧ ಚಿತ್ರ ಒಂದಾದ ಮೇಲೊಂದರಲ್ಲಿ ಕಾಣಿಸುವುದಿಲ್ಲ. ಸ್ಟಾಕ್ ಕೆಟ್ಟಿರಲಿಲ್ಲ, ಬೈಕಾಯ್ಡ್ ಮ್ಯುಟೇಶನ್ ಇದ್ದರೆ ಏನಾಗಬೇಕೋ ಅದೇ ಆಗಿತ್ತು.

ಬೈಕಾಯ್ಡ್ ವಿಷಯದಲ್ಲಿ ಭ್ರೂಣದ ಸ್ವಂತ ಜೀನ್‌ಗಳನ್ನು ಕೇಳುವವರೇ ಇಲ್ಲ. ಅಂಡಾಶಯದಲ್ಲಿ ಹದಿನೈದು ಪೋಷಕ ಕೋಶಗಳು ತಾಯಿಯ ಜೀನ್‌ನಿಂದ ಬೈಕಾಯ್ಡ್ ಎಂಆರ್‌ಎನ್‌ಎ ತಯಾರಿಸಿ ಅಂಡಕ್ಕೆ ಸಾಗಿಸುತ್ತವೆ. ಅದು ಮುಂತುದಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಮೊಟ್ಟೆ ಹೊರಬಂದ ಮೇಲೆ ಅಲ್ಲಿ ಪ್ರೋಟೀನ್ ತಯಾರಾಗಿ ಹಿಂದಕ್ಕೆ ಹರಡುತ್ತದೆ. ಆಗ ನ್ಯೂಕ್ಲಿಯಸ್‌ಗಳು ಮಾತ್ರ ವಿಭಜನೆಯಾಗುತ್ತಿದ್ದು, ನಡುವೆ ಕೋಶಪೊರೆಗಳು ಇನ್ನೂ ಎದ್ದಿರುವುದಿಲ್ಲವಾದ್ದರಿಂದ ಆ ಹರಡುವಿಕೆಗೆ ತಡೆಯಿಲ್ಲ. ಸುಮಾರು 500 ಮೈಕ್ರಾನ್ ಉದ್ದದ ಮೊಟ್ಟೆಯಲ್ಲಿ ಪ್ರತಿ 100 ಮೈಕ್ರಾನ್ ಹಿಂದೆ ಸರಿದಂತೆ ಪ್ರೋಟೀನಿನ ಪ್ರಮಾಣ ಸುಮಾರು ಶೇಕಡಾ 37ರಷ್ಟಕ್ಕೆ ಇಳಿಯುತ್ತದೆ. ಈ ಇಳಿಜಾರನ್ನು 1988ರಲ್ಲಿ ಡ್ರೀವರ್ ಮತ್ತು ನ್ಯೂಸ್‌ಲೈನ್-ಫೋಲ್‌ಹಾರ್ಡ್ ತೋರಿಸಿಕೊಟ್ಟರು. ಹೆಚ್ಚು ಪ್ರೋಟೀನ್ ಸಿಕ್ಕ ನ್ಯೂಕ್ಲಿಯಸ್‌ಗಳು ತಲೆಯ ಜೀನ್‌ಗಳನ್ನೂ, ಮಧ್ಯಮ ಪ್ರಮಾಣ ಸಿಕ್ಕವು ಹಂಚ್‌ಬ್ಯಾಕ್‌ನಂಥವನ್ನೂ ಚಾಲೂ ಮಾಡುತ್ತವೆ.

ಆ ಆರೋಗ್ಯವಂತ ಹೆಣ್ಣುಗಳ ಗುಟ್ಟೂ ಇದರಲ್ಲೇ ಇದೆ. ಅವುಗಳ ತಾಯಿಗೆ ಒಂದು ಸರಿಯಾದ ಪ್ರತಿ ಇದ್ದುದರಿಂದ ಅವು ಇದ್ದ ಮೊಟ್ಟೆಗೆ ಬೈಕಾಯ್ಡ್ ಸಿಕ್ಕಿತ್ತು. ಅವುಗಳು ಇಟ್ಟ ಮೊಟ್ಟೆಗೆ ಮಾತ್ರ ಸಿಗಲಿಲ್ಲ. ಗಂಡಿನಿಂದ ಬಂದ ಒಳ್ಳೆಯ ಪ್ರತಿ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಖಚಿತಪಡಿಸಿಕೊಳ್ಳಲು ಕ್ರಾಸನ್ನು ತಿರುಗಿಸಿ, ಅದೇ ಸ್ಟಾಕಿನ ಸ್ಟಬಲ್ ಇಲ್ಲದ ಗಂಡುಗಳನ್ನು ವೈಲ್ಡ್ ಟೈಪ್ ವರ್ಜಿನ್‌ಗಳೊಂದಿಗೆ ಬಿಟ್ಟೆವು. ಎರಡೂ ಕ್ರಾಸ್‌ಗಳ ಭ್ರೂಣಗಳ ಜೀನೋಟೈಪ್ ಒಂದೇ. ಆದರೂ ಈ ವಯಲ್‌ನಲ್ಲಿ ಲಾರ್ವಾಗಳು ಮೀಡಿಯಂ ಕೊರೆದು ಹರಿದಾಡತೊಡಗಿದವು. ವಿದ್ಯಾರ್ಥಿನಿ ಎರಡೂ ವಯಲ್‌ಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು.

"ಹಾಗಾದರೆ ಒಂದೇ ಪ್ರತಿ ಇರುವ ತಾಯಿಯ ಮಕ್ಕಳು ಹೇಗೆ ಸರಿಯಾಗಿವೆ, ಮೇಡಂ?" ಎಂದು ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ. ಪ್ರಮಾಣ ಅರ್ಧವಾದರೆ, ಮೇಲಿನ ಲೆಕ್ಕದಲ್ಲಿ ಈ ಜೀನ್‌ಗಳು ಚಾಲೂ ಆಗುವ ಪ್ರತಿಯೊಂದು ಗಡಿಯೂ ಸುಮಾರು 70 ಮೈಕ್ರಾನ್ ಮುಂದಕ್ಕೆ ಸರಿಯಬೇಕು. ಗಡಿಗಳು ಮುಂದಕ್ಕೆ ಸರಿಯುವುದು ನಿಜ, ಆದರೆ ಲೆಕ್ಕ ಹೇಳುವಷ್ಟು ಅಲ್ಲ. ಉಳಿದ ವ್ಯತ್ಯಾಸವನ್ನು ಭ್ರೂಣ ಮುಂದಿನ ಹಂತಗಳಲ್ಲಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಆದ್ದರಿಂದ ಬೈಕಾಯ್ಡ್ ಒಂದೇ ಎಲ್ಲ ಗಡಿಗಳನ್ನೂ ಬರೆಯುತ್ತದೆ ಎಂದು ವರದಿಯಲ್ಲಿ ಬರೆಯಬಾರದೆಂದು ಅವರಿಗೆ ಹೇಳಿದೆ.

ನಮ್ಮ ಸ್ಟಾಕ್ ರಿಜಿಸ್ಟರಿನಲ್ಲಿ ಜೀನೋಟೈಪ್‌ಗೆ ಒಂದೇ ಕಾಲಂ ಇದೆ, ಅದು ನೊಣದ್ದು. ಹೊಸ ರಿಜಿಸ್ಟರ್ ಕೇಳಿದ ನನ್ನ ಅರ್ಜಿಗೆ ಇನ್ನೂ ಉತ್ತರವಿಲ್ಲ. ಅಲ್ಲಿಯವರೆಗೆ ಬೈಕಾಯ್ಡ್, ಅದರಂತೆಯೇ ತಾಯಿಯ ಜೀನನ್ನು ಅವಲಂಬಿಸುವ ನ್ಯಾನೋಸ್, ಆಸ್ಕರ್ ವಯಲ್‌ಗಳ ಲೇಬಲ್ ಮೇಲೆ ತಾಯಿಯ ಜೀನೋಟೈಪನ್ನು ಕೆಂಪು ಶಾಯಿಯಲ್ಲಿ ಮೊದಲು ಬರೆದು, ಅದರ ಕೆಳಗೆ ನೊಣದ್ದನ್ನು ಬರೆಯುತ್ತಿದ್ದೇವೆ.