ಹಿಡಿದ ಕಸಿಯೆಲ್ಲ ಒಗ್ಗಿದ ಕಸಿಯಲ್ಲ

ಸೆಪ್ಟೆಂಬರಿನಲ್ಲಿ ಮಳೆ ಬಿಡುವು ಕೊಟ್ಟು ಮೋಡ ಮುಸುಕಿದ ದಿನ ಸಿಕ್ಕರೆ ಧಾರವಾಡ ಕಡೆಯ ನರ್ಸರಿಗಳಲ್ಲಿ ಬೆಳಗಿನಿಂದಲೇ ಕಸಿ ಕೆಲಸ. ಅಂಥದೊಂದು ದಿನ ಬೆಳಗ್ಗೆ ಮಾವು, ಮಧ್ಯಾಹ್ನ ನೆರಳುಮನೆಯೊಳಗೆ ಗುಲಾಬಿ ಹಿಡಿದೆವು. ಎರಡನ್ನೂ ಒಂದೇ ದಿನ ಮಾಡಿದರೆ ಅವುಗಳ ಸ್ವಭಾವ ಎಷ್ಟು ಬೇರೆ ಎಂಬುದು ಕೈಗೇ ತಿಳಿಯುತ್ತದೆ.

ಆಪೂಸಿನ ಕುಡಿಗಳ ತಯಾರಿ ವಾರದ ಹಿಂದೆಯೇ ಶುರುವಾಗಿತ್ತು. ಮೂರು ನಾಲ್ಕು ತಿಂಗಳು ಬಲಿತ ಕೊಂಬೆಯ ತುದಿಯಲ್ಲಿ ತೊಟ್ಟು ಮಾತ್ರ ಉಳಿಸಿ ಎಲೆ ಕತ್ತರಿಸಿ ಬಿಟ್ಟರೆ, ಏಳೆಂಟು ದಿನದಲ್ಲಿ ತೊಟ್ಟು ಉದುರಿ ತುದಿಮೊಗ್ಗು ಉಬ್ಬುತ್ತದೆ. ಉಬ್ಬಿರಬೇಕು, ಒಡೆದಿರಬಾರದು. ಆ ಹದದಲ್ಲಿ ಹತ್ತರಿಂದ ಹದಿನೈದು ಸೆಂಟಿಮೀಟರಿನ ಕುಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇವೆ. ಕುಡಿಯನ್ನು ಹೊರುವ ಬೇರುಸಸಿ ನಾಟಿ ಮಾವಿನ ಓಟೆಯಿಂದ ಎಬ್ಬಿಸಿದ್ದು, ಪೆನ್ಸಿಲ್ ದಪ್ಪದ್ದು. ಅದರ ತುದಿಯಲ್ಲಿ ತಾಮ್ರಬಣ್ಣದ ಚಿಗುರು ಇರುವಾಗಲೇ, ಆ ಎಳೆ ಕಾಂಡದಲ್ಲಿಯೇ ಕಸಿ ಕಟ್ಟಬೇಕು. ಮೆದುಕಾಂಡ ಕಸಿ ಎನ್ನುವುದು ಇದನ್ನೇ.

ಸಸಿಯ ತಲೆ ಕತ್ತರಿಸಿ ನಡುವೆ ನಾಲ್ಕೈದು ಸೆಂಟಿಮೀಟರು ಸೀಳು. ಕುಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಬದಿ ಹೆರೆದು ಬೆಣೆ. ಬೆಣೆಯ ಪ್ರತಿ ಬದಿಗೂ ಚಾಕು ಒಂದೇ ಸಲ ಹಾಯಬೇಕು. ಸಿಪ್ಪೆಗೂ ಕಟ್ಟಿಗೆಗೂ ನಡುವೆ ಕೂದಲೆಳೆಯಷ್ಟು ತೆಳ್ಳಗೆ ಕಾಣುವ ಹಸಿರು ಪದರವೇ ಕ್ಯಾಂಬಿಯಂ. ಹೊಸ ಕೋಶ ಹುಟ್ಟಿ ಬೆಸುಗೆ ಆಗುವುದು ಅಲ್ಲಿ. ಕುಡಿ ಸಣ್ಣದಾಗಿದ್ದರೆ ನಡುವೆ ಕೂರಿಸಬಾರದು, ಒಂದು ಬದಿಯ ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಬೇಕು. ಮಾವಿನ ಸೊನೆ ಗಾಳಿ ತಗುಲಿದರೆ ಕೊಯ್ತವನ್ನು ಕಂದು ಮಾಡುತ್ತದೆ. ಕಂದಾದ ಮುಖ ಬೆಸೆಯುವುದಿಲ್ಲ. ಹೆರೆದು ಪಕ್ಕಕ್ಕಿಟ್ಟು ಮಾತಾಡಲು ಪುರುಸೊತ್ತಿಲ್ಲದ ಕೆಲಸವಿದು. ಎರಡು ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ತೇವ ಆರದಂತೆ ಮೇಲೊಂದು ಪ್ಲಾಸ್ಟಿಕ್ ಕೊಳವೆ ಹಾಕಿದರೆ ಆಯಿತು. ಎರಡು ಮೂರು ವಾರದಲ್ಲಿ ಚಿಗುರು ಕಂಡಾಗ ಕೊಳವೆ ತೆಗೆಯಬೇಕು. ಪಟ್ಟಿಯನ್ನು ಮಾತ್ರ ಸುಮಾರು ಮೂರು ತಿಂಗಳು ಬಿಟ್ಟು ಬಿಚ್ಚಬೇಕು. ಮರೆತರೆ ಅದು ಕಾಂಡದೊಳಗೆ ಇಳಿದು ಗಿಡದ ಕತ್ತು ಹಿಸುಕುತ್ತದೆ.

ಚಿಗುರು ಬಂದ ಮಾತ್ರಕ್ಕೆ ನಾನು ಗಿಡವನ್ನು ನಂಬುವುದಿಲ್ಲ. ಕುಡಿಯಲ್ಲಿ ಮೊದಲೇ ಕೂಡಿಟ್ಟ ಆಹಾರದಿಂದಲೂ ಒಂದು ಚಿಗುರು ಹೊರಡಬಹುದು. ಗಾಯ ಮುಚ್ಚಲು ಹುಟ್ಟುವ ಕ್ಯಾಲಸ್ ಕೋಶಗಳು ಬಿರುಕು ತುಂಬಿದ ಮೇಲೆ, ಅವುಗಳ ನಡುವೆ ನೀರು ಏರುವ, ಆಹಾರ ಇಳಿಯುವ ನಾಳಗಳು ಕೂಡಿಕೊಂಡರೆ ಮಾತ್ರ ಎರಡು ಗಿಡ ಒಂದಾದಂತೆ. ನೆಂಟಸ್ತಿಕೆ ದೂರವಾದಷ್ಟೂ ಇದು ಕಷ್ಟ. ಗೋಡಂಬಿಯೂ ಮಾವಿನ ಕುಟುಂಬದ್ದೇ, ಆದರೂ ಅದರ ಮೇಲೆ ಮಾವಿನ ಕುಡಿ ನಿಲ್ಲುವುದಿಲ್ಲ. ಒಗ್ಗದ ಜೋಡಿ ಕೆಲವೊಮ್ಮೆ ವರ್ಷಗಟ್ಟಲೆ ಬೆಳೆದು, ಕಸಿಗಂಟಿನಲ್ಲೇ ಗಾಳಿಗೆ ಮುರಿಯುತ್ತದೆ. ಮುರಿದ ಮುಖ ನುಣ್ಣಗಿದ್ದರೆ ನಾಳಗಳು ಹೆಣೆದುಕೊಂಡೇ ಇರಲಿಲ್ಲ ಎಂದರ್ಥ. ನಾರು ಸೀಳಿ ಮುರಿದಿದ್ದರೆ ಬೆಸುಗೆ ಗಟ್ಟಿಯಾಗಿತ್ತು, ತಪ್ಪು ಬೇರೆಡೆ ಇದೆ. ಗಂಟಿನ ಮೇಲೆ ಕಾಂಡ ಉಬ್ಬುವುದು ಎರಡರ ಬೆಳವಣಿಗೆಯ ವೇಗ ಬೇರೆ ಎಂಬುದರ ಗುರುತೂ ಆಗಿರಬಹುದು, ಅದೊಂದನ್ನೇ ನೋಡಿ ಗಿಡ ಕಿತ್ತೆಸೆಯಬೇಡಿ.

ಮಾವಿನ ಮೇಲೆ ಮಾವು ಸಾಮಾನ್ಯವಾಗಿ ಒಗ್ಗುತ್ತದೆ. ಆದರೆ ಬೇರುಸಸಿಯ ಗುಣ ಮರಕ್ಕೆ ಬರುತ್ತದೆ. ಆಪೂಸನ್ನು ವೆಳ್ಳೈಕೊಲಂಬನ್ ತಳಿಯ ಸಸಿಯ ಮೇಲೆ ಕಟ್ಟಿದರೆ ಮರ ಕುಳ್ಳಾಗುತ್ತದೆ. ನಾಟಿ ಓಟೆಗಳಲ್ಲಿ ಪ್ರತಿ ಸಸಿಯೂ ಬೇರೆ ಬೇರೆ ಗುಣದ್ದಾಗಿರುವುದರಿಂದ, ಒಂದೇ ತಾಯಿಮರದ ಕುಡಿ ಕಟ್ಟಿದರೂ ತೋಟದಲ್ಲಿ ಒಂದು ಮರ ಎತ್ತರ, ಒಂದು ಗಿಡ್ಡ. ಕರಾವಳಿಯ ಓಲೂರ್, ಬಪ್ಪಕಾಯಿಯಂಥ ಬಹುಭ್ರೂಣ ತಳಿಗಳ ಒಂದೇ ಓಟೆಯಿಂದ ಹಲವು ಸಸಿ ಏಳುತ್ತವೆ, ಹೆಚ್ಚಿನವು ತಾಯಿಯಂತೆಯೇ ಇರುತ್ತವೆ. ಮರಗಳು ಒಂದೇ ಸಮ ಇರಬೇಕೆಂದರೆ ಅಂಥವೇ ಮೇಲು.

ಗುಲಾಬಿಗೆ ಇಡೀ ಕುಡಿ ಬೇಡ, ಒಂದು ಕಣ್ಣು ಸಾಕು. ಹೂ ಆಗಷ್ಟೇ ಬಾಡಿದ ಕೊಂಬೆಯಲ್ಲಿ ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಟಕ್ಕನೆ ಕಳಚಬೇಕು, ಆಗ ಕಣ್ಣು ಹದಕ್ಕೆ ಬಂದಿದೆ. ತೊಟ್ಟಿನ ತುಂಡು ಉಳಿಸಿ ಸುಮಾರು ಎರಡೂವರೆ ಸೆಂಟಿಮೀಟರಿನ ಸಿಪ್ಪೆಯೊಂದಿಗೆ ಕಣ್ಣು ಎತ್ತಿ, ಬೇರುಗಿಡದ ಬುಡದಲ್ಲಿ ಇಂಗ್ಲಿಷಿನ ಟಿ ಆಕಾರದಲ್ಲಿ ಸೀಳಿ ಒಳಗೆ ಜಾರಿಸಿ, ಕಣ್ಣು ಬಿಟ್ಟು ಉಳಿದದ್ದನ್ನು ಕಟ್ಟಿದೆವು. ಸಿಪ್ಪೆ ಸಲೀಸಾಗಿ ಏಳಲೆಂದು ಹಿಂದಿನ ದಿನ ನೀರು ಕೊಟ್ಟಿದ್ದೆವು. ಎರಡು ವಾರದ ಮೇಲೆ ತೊಟ್ಟನ್ನು ಬೆರಳಿಂದ ಮುಟ್ಟಿದರೆ ಕಳಚಿ ಬೀಳಬೇಕು. ಅಲ್ಲೇ ಸುಕ್ಕಿ ಅಂಟಿಕೊಂಡಿದ್ದರೆ ಕಣ್ಣು ಸತ್ತಿದೆ.

ಇಲ್ಲಿ ಬೇರುಗಿಡ ಕಣ್ಣಿಗೆ ಒಗ್ಗಿದರೆ ಸಾಲದು, ಮಣ್ಣಿಗೂ ಒಗ್ಗಬೇಕು. ಮಲ್ಟಿಫ್ಲೋರಾ ಎಂಬ ಗುಲಾಬಿಯ ಬೇರಿಗೆ ಸುಣ್ಣದಂಶದ ಕ್ಷಾರ ಮಣ್ಣು ಆಗದು. ಕಸಿ ಚೆನ್ನಾಗಿ ಹಿಡಿದರೂ ಕಬ್ಬಿಣ ಸಿಗದೆ ಎಳೆ ಎಲೆಯ ನರ ಹಸಿರಾಗಿ, ಉಳಿದ ಭಾಗ ಹಳದಿಯಾಗುತ್ತದೆ. ಅಂಥ ಹೊಲಕ್ಕೆ ಎಡ್ವರ್ಡ್ ಗುಲಾಬಿಯ ಬೇರು ಕೇಳಿ ಪಡೆಯಿರಿ. ಕಸಿಗಂಟಿನ ಕೆಳಗಿಂದ ಏಳುವ ಚಿಗುರನ್ನು ಕತ್ತರಿಸಿದರೆ ಮತ್ತೆ ಮೂರು ಬರುತ್ತವೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕೆಳಕ್ಕೆ ಎಳೆದು ಕೀಳಬೇಕು.