ಶಂಖಪುಷ್ಪಕ್ಕೆ ಮೂರು ಚೀಟಿ: ಬದುವಿನ ಗಿಡಪಟ್ಟಿ, ಮೂರನೇ ತಿಂಗಳು

ಚಿತ್ರದುರ್ಗದ ಜೋಗಿಮಟ್ಟಿ ಕಡೆಗಿರುವ ನಮ್ಮ ಹೊಲದ ಬದುವಿನ ಗಿಡಗಳಿಗೆ ಹೆಸರಿನ ಚೀಟಿ ಬರೆಯುವ ಕೆಲಸ ಈಗ 41ಕ್ಕೆ ಬಂದು ನಿಂತಿದೆ. ಕಳೆದ ತಿಂಗಳಿಗಿಂತ ಹೆಚ್ಚಿದ್ದು ಮೂರೇ ಚೀಟಿ. ಆ ಮೂರೂ ಒಂದೇ ಹೆಸರಿನ ಜಾಡು ಹಿಡಿದು ಹೊರಟಾಗ ಸಿಕ್ಕವು.

ಬೇಲಿಗೆ ಹಬ್ಬಿಸಲು ಶಂಖಪುಷ್ಪ ಬೇಕೆಂದು ಅಂಚೆಯಲ್ಲಿ ಬೀಜ ತರಿಸಿದ್ದೆ. ಉತ್ತರದ ರಾಜ್ಯವೊಂದರಿಂದ ಬಂದ ಪೊಟ್ಟಣದ ಮೇಲೆ ಹಿಂದಿಯಲ್ಲಿ ‘ಶಂಖಪುಷ್ಪಿ’ ಎಂದಷ್ಟೇ ಇತ್ತು. ನಾವು ಶಂಖಪುಷ್ಪ ಎನ್ನುವುದು ಅವರೆ, ತೊಗರಿಗಳ ಬಳಗದ ಬಳ್ಳಿ. ಅದರ ಚಪ್ಪಟೆ ಕಾಯಿಯೊಳಗೆ ಕಾಳಿನಂಥ ಬೀಜ ಇರುತ್ತದೆ. ಪೊಟ್ಟಣದ ಬೀಜ ಅದಕ್ಕಿಂತ ತೀರಾ ಸಣ್ಣದಿತ್ತು. ಅಲ್ಲಿಯೇ ಅನುಮಾನ ಬರಬೇಕಿತ್ತು, ಆದರೆ ಬಿತ್ತಿಬಿಟ್ಟೆ. ಹುಟ್ಟಿದ ಗಿಡ ಬೇಲಿ ಹತ್ತಲಿಲ್ಲ. ನೆಲಕ್ಕೆ ಅಂಟಿಕೊಂಡು ಹರಡಿತು, ನಸುಗೆಂಪು ಛಾಯೆಯ ಬಿಳಿ ಹೂ ಬಿಟ್ಟಿತು.

ಮಾರಿದವರು ಮೋಸ ಮಾಡಿರಲಿಲ್ಲ. ಅವರ ಸೀಮೆಯಲ್ಲಿ ಶಂಖಪುಷ್ಪಿ ಎಂದರೆ ಕಾನ್ವಾಲ್ವುಲಸ್ ಪ್ರೊಸ್ಟ್ರೇಟಸ್. ಆಯುರ್ವೇದದ ಅಧಿಕೃತ ಫಾರ್ಮಕೊಪಿಯಾ ಕೂಡ ಆ ಹೆಸರನ್ನು ಈ ಗಿಡಕ್ಕೇ ಕೊಟ್ಟಿದೆ. ನಮ್ಮಲ್ಲೂ ಕೇರಳದಲ್ಲೂ ಅದೇ ಹೆಸರು ಕ್ಲಿಟೋರಿಯಾ ಟರ್ನೇಟಿಯಾ ಎಂಬ ನೀಲಿ ಹೂವಿನ ಬಳ್ಳಿಗೆ ಸಲ್ಲುತ್ತದೆ. ಹಿಂದಿಯವರು ಆ ಬಳ್ಳಿಯನ್ನು ಅಪರಾಜಿತಾ ಎನ್ನುತ್ತಾರೆ, ಮರಾಠಿಯವರು ಗೋಕರ್ಣ ಎನ್ನುತ್ತಾರೆ. ನಾನು ಕೇಳಿದ್ದೂ ಸರಿ, ಅವರು ಕಳಿಸಿದ್ದೂ ಸರಿ. ನಡುವೆ ಇದ್ದ ಹೆಸರಿಗೆ ಮಾತ್ರ ಎರಡು ಮನೆ.

ಮೂರನೆಯ ಗಿಡ ಬಂದದ್ದು ಪಕ್ಕದ ಹೊಲದ ಅಜ್ಜಿಯಿಂದ. ಪಾತಿ ನೋಡಿದವರೇ, “ಇದು ವಿಷ್ಣುಕ್ರಾಂತಿ ಅಲ್ಲವೇನಪ್ಪಾ? ಹೂವು ಮಾತ್ರ ಬಿಳಿ” ಎಂದರು. ಅವರು ಹೇಳುವ ವಿಷ್ಣುಕ್ರಾಂತಿ ನಮ್ಮ ಬದುವಿನ ಮೇಲೇ ಇದೆ. ತಂತಿಯಂಥ ಕಾಂಡ, ರೇಷ್ಮೆಯಂಥ ರೋಮ, ಬೆರಳುಗುರಿಗಿಂತ ಚಿಕ್ಕ ತಿಳಿನೀಲಿ ಹೂವು. ಅದು ಇವಾಲ್ವ್ಯುಲಸ್ ಅಲ್ಸಿನಾಯ್ಡಿಸ್. ಅಜ್ಜಿಯ ಕಣ್ಣು ಹೆಚ್ಚು ತಪ್ಪಿರಲಿಲ್ಲ, ಇವೆರಡೂ ಒಂದೇ ಕುಟುಂಬದವು. ಮೂಲಿಕೆ ಪೇಟೆಯಲ್ಲಿ ಈ ವಿಷ್ಣುಕ್ರಾಂತಿಯೂ ಶಂಖಪುಷ್ಪಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬುದು ಗೊತ್ತಾದಾಗ ನನಗೆ ನಿಜಕ್ಕೂ ಆತಂಕವಾಯಿತು. ಒಣಗಿಸಿ ಪುಡಿ ಮಾಡಿದ ಮೇಲೆ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಹೇಗೆ?

ಹಸಿ ಗಿಡದಲ್ಲಾದರೆ ಬೇರ್ಪಡಿಸಬಹುದು. ಬೆಳಿಗ್ಗೆ ಹೂ ಅರಳಿರುವಾಗಲೇ ಕಿತ್ತು, ದಳವನ್ನು ಸೂಜಿಯಿಂದ ಬಿಡಿಸಿ, ಹತ್ತು ಪಟ್ಟಿನ ಮಸೂರದಲ್ಲಿ ನೋಡಿದೆ. ಬದುವಿನ ಹೂವಿನ ಅಂಡಾಶಯದ ಮೇಲೆ ಎರಡು ಶಲಾಕೆ, ಒಂದೊಂದೂ ತುದಿಯಲ್ಲಿ ಕವಲಾಗಿ ಒಟ್ಟು ನಾಲ್ಕು ಎಳೆ. ಪಾತಿಯ ಬಿಳಿ ಹೂವಿನಲ್ಲಿ ಒಂದೇ ಶಲಾಕೆ, ಅದರ ತುದಿಯಲ್ಲಿ ಎರಡು ಎಳೆ. ಹೂವಿನ ಬಣ್ಣಕ್ಕಿಂತ ಇದು ನಂಬುವಂಥ ಗುರುತು. ಬಿಸಿಲೇರಿದಂತೆ ಹೂ ಮುದುಡಿಕೊಳ್ಳುವುದರಿಂದ ಮೊದಲ ಎರಡು ದಿನ ತಡವಾಗಿ ಹೋಗಿ ಏನೂ ಕಾಣದೆ ಬಂದಿದ್ದೆ.

ಈಗ ಚೀಟಿ ಬರೆಯುವ ಕ್ರಮವನ್ನೇ ಬದಲಿಸಿದ್ದೇನೆ. ಬದುವಿನ ಗಿಡದ್ದು ಹೀಗಿದೆ:

```
Evolvulus alsinoides (L.) L.
ಇಲ್ಲಿನ ಹೆಸರು: ವಿಷ್ಣುಕ್ರಾಂತಿ (ಪಕ್ಕದ ಹೊಲದ ಅಜ್ಜಿ, ಚಿತ್ರದುರ್ಗ)
ಬೇರೆ ಹೆಸರು: ಶಂಖಪುಷ್ಪಿ (ಮೂಲಿಕೆ ಪೇಟೆ)
ಎಚ್ಚರ: Convolvulus prostratus, Clitoria ternatea ಅಲ್ಲ
ಆಧಾರ: 2 ಶಲಾಕೆ, 4 ಎಳೆ; ಒಣ ಮಾದರಿ 40
```

ವೈಜ್ಞಾನಿಕ ಹೆಸರನ್ನು ಚೀಟಿಯಲ್ಲಿ ರೋಮನ್ ಲಿಪಿಯಲ್ಲೇ ಇಡುತ್ತೇನೆ. ಕನ್ನಡದಲ್ಲಿ ಬರೆದರೆ ಒಬ್ಬೊಬ್ಬರದು ಒಂದೊಂದು ಕಾಗುಣಿತವಾಗಿ, ಹುಡುಕುವವರಿಗೆ ಸಿಗುವುದಿಲ್ಲ. ಕೊನೆಯ ಅಕ್ಷರಗಳು ಹೆಸರಿಟ್ಟವರ ಗುರುತು. ಲಿನೇಯಸ್ 1753ರಲ್ಲಿ ಈ ಗಿಡವನ್ನು ಕಾನ್ವಾಲ್ವುಲಸ್‌ನಲ್ಲಿ ಸೇರಿಸಿದ್ದರು, 1762ರಲ್ಲಿ ತಾವೇ ಇವಾಲ್ವ್ಯುಲಸ್‌ಗೆ ತಂದರು. ಆವರಣದ ಒಳಗೊಂದು, ಹೊರಗೊಂದು L. ಇರುವುದು ಅದಕ್ಕೇ. ವೈಜ್ಞಾನಿಕ ಹೆಸರೂ ಬದಲಾಗುತ್ತದೆ. ಬಿಳಿ ಹೂವಿನ ಗಿಡ ಎಷ್ಟೋ ಪುಸ್ತಕಗಳಲ್ಲಿ ಇನ್ನೂ ಕಾನ್ವಾಲ್ವುಲಸ್ ಪ್ಲೂರಿಕಾಲಿಸ್ ಎಂದೇ ಇದೆ. ಆ ಹಳೆಯ ಹೆಸರನ್ನೂ ಅದರ ಚೀಟಿಯಲ್ಲಿ ಸೇರಿಸಿದ್ದೇನೆ. ಆದರೆ ಹಳೆಯದರಿಂದ ಹೊಸದಕ್ಕೆ ದಾರಿ ದಾಖಲಾಗಿರುತ್ತದೆ. ಅಜ್ಜಿಯ ವಿಷ್ಣುಕ್ರಾಂತಿಗೆ ಅಂಥ ದಾಖಲೆಯಿಲ್ಲ, ಆದ್ದರಿಂದಲೇ ಯಾರು, ಎಲ್ಲಿ ಹೇಳಿದರು ಎಂಬುದನ್ನು ಬಿಡದೆ ಬರೆಯುತ್ತೇನೆ. ಗಿಡವನ್ನೇ ತಪ್ಪಾಗಿ ಗುರುತಿಸಿದ್ದರೆ ಲ್ಯಾಟಿನ್ ಹೆಸರೂ ಕಾಪಾಡುವುದಿಲ್ಲ. ಹೂ, ಕಾಯಿ ಎರಡೂ ಇರುವ ಮಾದರಿಯನ್ನು ಪತ್ರಿಕೆಯ ಹಾಳೆಗಳ ನಡುವೆ ಒಣಗಿಸಿ ಇಟ್ಟಿರುವುದು, ನಾಳೆ ಯಾರಾದರೂ ನನ್ನ ಗುರುತನ್ನು ತಿದ್ದಲಿ ಎಂದೇ.

ಹಳೆಯ 38 ಚೀಟಿಗಳನ್ನು ಇದೇ ಕ್ರಮಕ್ಕೆ ತರಬೇಕು. ಮೊದಲಿಗೆ ‘ಬ್ರಾಹ್ಮಿ’ ಎಂದಷ್ಟೇ ಬರೆದಿರುವ ಏಳನೆಯದು. ಬಾವಿಯ ಬಳಿ ಇರುವುದು ದುಂಡೆಲೆಯ ಒಂದೆಲಗ. ಕೇರಳದವರು ಬ್ರಾಹ್ಮಿ ಎನ್ನುವುದು ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿಯನ್ನು.